ಒಂದೇ ಫೋಟೊ, ಎರಡು ವಿವರಣೆ

ರಸ್ತೆ ಬದಿಯಲ್ಲಿ ಹೂ ಮಾರುವವರೊಬ್ಬರ ಫೋಟೊ ಇದೆ ಎಂದಿಟ್ಟುಕೊಳ್ಳಿ. ಬೆಂಗಳೂರಿನ ಗಾಂಧಿ ಬಜಾರಿನಲ್ಲೋ ಮೈಸೂರಿನ ದೇವರಾಜ ಮಾರುಕಟ್ಟೆಯ ಹತ್ತಿರವೋ ಯಾರು ಬೇಕಾದರೂ ತೆಗೆಯಬಹುದಾದಂಥ ಫೋಟೊ. ಹಸಿರು ಸೀರೆ, ಮುಂದೆ ಬಿದಿರಿನ ಬುಟ್ಟಿ, ಅದರೊಳಗೆ ಕಟ್ಟಿ ಸುತ್ತಿಟ್ಟ ಬಿಳಿ ಹೂವು, ಪಕ್ಕದಲ್ಲಿ ಹಳದಿ ಸೇವಂತಿಗೆ, ಹಿಂದೆ ಅರ್ಧ ಮಾತ್ರ ಕಾಣುವ ಸ್ಕೂಟರ್. ಚಿತ್ರ ನೋಡಿ ವಿವರಿಸಬಲ್ಲ ಎಐ ಮಾಡೆಲ್‌ಗೆ ಇದನ್ನು ಕೊಟ್ಟು ಇದರಲ್ಲಿ ಏನಿದೆ ಎಂದು ಕೇಳಿದರೆ ಉತ್ತರ ಹೀಗಿರಬಹುದು:

"ಹಸಿರು ಸೀರೆ ಉಟ್ಟ ಮಹಿಳೆಯೊಬ್ಬರು ರಸ್ತೆ ಬದಿಯಲ್ಲಿ ಕುಳಿತು ಹೂ ಮಾರುತ್ತಿದ್ದಾರೆ. ಅವರ ಮುಂದಿನ ಬುಟ್ಟಿಯಲ್ಲಿ ಮಲ್ಲಿಗೆ ಮತ್ತು ಸೇವಂತಿಗೆ ಇವೆ. ಹಿಂದೆ ಒಂದು ಸ್ಕೂಟರ್ ನಿಂತಿದೆ."

ಅದೇ ಫೋಟೊ, ಅದೇ ಪ್ರಶ್ನೆ. ಹೊಸದಾಗಿ ಇನ್ನೊಮ್ಮೆ ಕೇಳಿದಾಗ:

"ಹಸಿರು ಸೀರೆ ಉಟ್ಟ ಅಜ್ಜಿಯೊಬ್ಬರು ಹೂವಿನ ಬುಟ್ಟಿ ಮುಂದಿಟ್ಟುಕೊಂಡು ಗಿರಾಕಿಗಳಿಗೆ ಕಾಯುತ್ತಿದ್ದಾರೆ. ಬುಟ್ಟಿಯಲ್ಲಿ ಕಟ್ಟಿದ ಕಾಕಡ, ಹಳದಿ ಸೇವಂತಿಗೆ ಕಾಣುತ್ತವೆ. ಹಿಂಬದಿಯಲ್ಲಿ ವಾಹನವೊಂದಿದೆ."

ಉದಾಹರಣೆ ನಾನು ಕಟ್ಟಿದ್ದು. ಆದರೆ ಇಂಥ ಮಾಡೆಲ್‌ಗಳನ್ನು ನಾಲ್ಕು ದಿನ ಬಳಸಿದವರಿಗೆ ಈ ಬಗೆಯ ವ್ಯತ್ಯಾಸ ಹೊಸದೇನಲ್ಲ. ಎರಡನೇ ಸಲ ಅದು ಚಿತ್ರವನ್ನು ಬೇರೆ ರೀತಿ ನೋಡಿತು, ಅಥವಾ ಮೊದಲ ಸಲ ಸರಿಯಾಗಿ ನೋಡಿರಲಿಲ್ಲ ಎಂದೇ ಬಹಳ ಜನ ಅಂದುಕೊಳ್ಳುತ್ತಾರೆ. ಹಾಗೇನೂ ಆಗಿರುವುದಿಲ್ಲ. ಎರಡೂ ಸಲ ಅದು ನೋಡಿದ್ದು ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಹುಟ್ಟುವುದು ಹೇಳುವ ಹೊತ್ತಿನಲ್ಲಿ.

ನೋಡುವ ಕೆಲಸ ಹೇಗೆ ನಡೆಯುತ್ತದೆ ಎಂಬುದಕ್ಕೆ ಒಂದು ನಿಜವಾದ ಮಾಡೆಲನ್ನೇ ತೆಗೆದುಕೊಳ್ಳೋಣ. 2023ರಲ್ಲಿ ಬಂದ ಲಾವಾ 1.5 ಎಂಬ ಮಾಡೆಲ್ ಎಲ್ಲರಿಗೂ ತೆರೆದಿರುವಂಥದ್ದು, ಅದರ ಒಳಗಿನ ಲೆಕ್ಕ ಯಾರು ಬೇಕಾದರೂ ನೋಡಬಹುದು. ಅದು ಮೊದಲು ಫೋಟೊವನ್ನು 336 ಪಿಕ್ಸೆಲ್ ಅಗಲ, 336 ಪಿಕ್ಸೆಲ್ ಎತ್ತರದ ಚೌಕಕ್ಕೆ ಕುಗ್ಗಿಸುತ್ತದೆ. ಆ ಚೌಕವನ್ನು 14 ಪಿಕ್ಸೆಲ್ ಬದಿಯ ಸಣ್ಣ ಚೌಕಗಳಾಗಿ ಕತ್ತರಿಸುತ್ತದೆ. ಸಾಲಿಗೆ 24ರಂತೆ 24 ಸಾಲು, ಒಟ್ಟು 576 ತುಂಡು. ಒಂದೊಂದು ತುಂಡೂ ಸಾವಿರಕ್ಕೂ ಹೆಚ್ಚು ಸಂಖ್ಯೆಗಳ ಒಂದು ಪಟ್ಟಿಯಾಗುತ್ತದೆ. ಬುಟ್ಟಿಯ ಅಂಚು ಯಾವ ತುಂಡಿನಲ್ಲಿದೆ, ಬಿಳಿ ಹೂವು ಎಲ್ಲಿದೆ, ಅದರ ಪಕ್ಕದಲ್ಲಿ ಏನಿದೆ ಎಂಬ ಗುರುತೆಲ್ಲ ಆ ಸಂಖ್ಯೆಗಳಲ್ಲೇ ಅಡಗಿರುತ್ತದೆ. ಮಾತು ಕಟ್ಟುವ ಭಾಗಕ್ಕೆ ಹೋಗುವುದು ಈ ಪಟ್ಟಿಗಳೇ. ಫೋಟೊ ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಇಲ್ಲಿಯವರೆಗೆ ನಡೆದದ್ದೆಲ್ಲ ಬರೀ ಗುಣಾಕಾರ, ಸಂಕಲನ. ಅದೇ ಫೈಲ್ ಕೊಟ್ಟರೆ ಹೆಚ್ಚುಕಡಿಮೆ ಅದೇ ಸಂಖ್ಯೆಗಳು ಬರುತ್ತವೆ. ನಾಳೆ ಕೊಟ್ಟರೂ ಅಷ್ಟೇ, ಮಾಡೆಲ್ ಬದಲಾಗಿರಬಾರದು ಅಷ್ಟೆ. ಇಷ್ಟರಲ್ಲಿ ಅದೃಷ್ಟದಾಟಕ್ಕೆ ಜಾಗವಿಲ್ಲ.

ಹೇಳುವ ಭಾಗ ಕೆಲಸ ಮಾಡುವ ಬಗೆ ಬೇರೆ. ಅದು ಇಡೀ ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸಿಕೊಂಡು ಬರೆಯುವುದಿಲ್ಲ. ಒಂದು ತುಣುಕು ಬರೆಯುತ್ತದೆ, ಬರೆದದ್ದನ್ನೂ ಚಿತ್ರದ ಸಂಖ್ಯೆಗಳನ್ನೂ ಮತ್ತೆ ಒಟ್ಟಿಗೆ ನೋಡಿ ಮುಂದಿನ ತುಣುಕು ಬರೆಯುತ್ತದೆ. ಈ ತುಣುಕಿಗೆ ಟೋಕನ್ ಎನ್ನುತ್ತಾರೆ. ಕೆಲವೊಮ್ಮೆ ಅದು ಇಡೀ ಪದ, ಕೆಲವೊಮ್ಮೆ ಪದದ ಚೂರು. ಪ್ರತಿ ಹೆಜ್ಜೆಯಲ್ಲೂ ಮಾಡೆಲ್ ಕೈಗೆ ಸಿಗುವುದು ಒಂದು ಉತ್ತರವಲ್ಲ, ತನಗೆ ಗೊತ್ತಿರುವ ಸಾವಿರಾರು ತುಣುಕುಗಳಲ್ಲಿ ಯಾವುದು ಮುಂದೆ ಬರುವ ಸಂಭವ ಎಷ್ಟು ಎಂಬ ಪಟ್ಟಿ.

"ಹಸಿರು ಸೀರೆ ಉಟ್ಟ" ಎಂಬಲ್ಲಿಗೆ ಬರವಣಿಗೆ ಬಂದು ನಿಂತಿದೆ ಎನ್ನಿ. ಮುಂದೇನು? ಲೆಕ್ಕ ಸುಲಭವಾಗಲೆಂದು ಮೂರೇ ಪದ ಇಟ್ಟುಕೊಳ್ಳೋಣ: ಮಹಿಳೆ ನೂರಕ್ಕೆ 50, ಹೆಂಗಸು 30, ಅಜ್ಜಿ 20. ಒಂದು ಮಡಕೆಯಲ್ಲಿ 50 ಚೀಟಿಗಳ ಮೇಲೆ ಮಹಿಳೆ, 30ರ ಮೇಲೆ ಹೆಂಗಸು, 20ರ ಮೇಲೆ ಅಜ್ಜಿ ಎಂದು ಬರೆದು ಹಾಕಿದಂತೆ. ಕಂಪ್ಯೂಟರ್ ಕಣ್ಣುಮುಚ್ಚಿ ಒಂದು ಚೀಟಿ ಎತ್ತುತ್ತದೆ, ಅಂದರೆ ಯಾದೃಚ್ಛಿಕ ಸಂಖ್ಯೆಯೊಂದನ್ನು ತೆಗೆದು ಅದು ಯಾರ ಪಾಲಿಗೆ ಬಿತ್ತೆಂದು ನೋಡುತ್ತದೆ. ಮೊದಲ ಸಲ ಮಹಿಳೆ ಬಂದರು, ಎರಡನೇ ಸಲ ಅಜ್ಜಿ. ಎರಡೂ ಸಲ ಮಡಕೆಯಲ್ಲಿದ್ದದ್ದು ಅವೇ ನೂರು ಚೀಟಿ.

ಮಡಕೆಯಲ್ಲಿ ಯಾವ ಚೀಟಿ ಎಷ್ಟಿರಬೇಕು ಎಂಬುದನ್ನು ಹೊರಗಿನಿಂದ ತಿರುಗಿಸುವ ಒಂದು ಗುಂಡಿ ಇದೆ. ಡೆವಲಪರ್‌ಗಳು ಬಳಸುವ ಸೆಟ್ಟಿಂಗ್‌ಗಳಲ್ಲಿ ಅದರ ಹೆಸರು `temperature`. ಅದು 1 ಇದ್ದರೆ ಮಾಡೆಲ್ ಹೇಳಿದ ಪಾಲು ಹೇಳಿದಂತೆಯೇ. 0.5ಕ್ಕೆ ಇಳಿಸಿದರೆ ಪ್ರತಿ ಪಾಲಿನ ವರ್ಗ ಮಾಡಿ ಮತ್ತೆ ನೂರಕ್ಕೆ ಹಂಚಿದಂತಾಗುತ್ತದೆ: ನಮ್ಮ ಮೂರು ಪದಗಳ ಪಾಲು ಸುಮಾರು 66, 24, 10. ಮುಂದಿದ್ದವರು ಇನ್ನಷ್ಟು ಮುಂದೆ ಹೋದರು. 2ಕ್ಕೆ ಏರಿಸಿದರೆ ವರ್ಗಮೂಲ ತೆಗೆದಂತೆ: ಸುಮಾರು 42, 32, 26. ಅಜ್ಜಿಗೂ ಈಗ ಒಳ್ಳೆಯ ಅವಕಾಶ. ಜೊತೆಗೆ `top_p` ಎಂಬ ಇನ್ನೊಂದು ಸೆಟ್ಟಿಂಗ್ ಇರುತ್ತದೆ. ಅದು ಪಟ್ಟಿಯ ಬಾಲದಲ್ಲಿರುವ ಅಸಂಭವ ಪದಗಳನ್ನು ಮಡಕೆಗೆ ಹಾಕುವುದಕ್ಕೆ ಮೊದಲೇ ಕತ್ತರಿಸಿ ಎಸೆಯುತ್ತದೆ, ಇಲ್ಲದಿದ್ದರೆ ಸಾವಿರದಲ್ಲಿ ಒಂದು ಸಲ ಹಸಿರು ಸೀರೆ ಉಟ್ಟ ಬುಟ್ಟಿಯೊಂದು ಕೂತಿರುವ ಅಪಾಯವಿದೆ.

ಒಂದು ಪದ ಬದಲಾದರೆ ಮಹಾ ಏನಾಯಿತು ಎನ್ನಬಹುದು. ಆಗುವುದು ಮುಂದೆ. ಬರೆದ ಪದ ವಾಪಸ್ ಒಳಗೆ ಹೋಗಿ ಮುಂದಿನ ಪಟ್ಟಿಯನ್ನು ತಿದ್ದುತ್ತದೆ. ಅಜ್ಜಿ ಎಂದು ಬರೆದಾದ ಮೇಲೆ ಮುಂದಿನ ಮಾತು ಅಜ್ಜಿಗೆ ಹೊಂದುವ ಧಾಟಿಯಲ್ಲೇ ಬರುತ್ತದೆ. ಗಿರಾಕಿಗಳಿಗೆ ಕಾಯುತ್ತಿದ್ದಾರೆ ಎಂಬ ಮಾತು ಫೋಟೊದಲ್ಲಿ ಎಲ್ಲಿದೆ? ಗಿರಾಕಿಯೇ ಇಲ್ಲದ ಫೋಟೊ ಅದು. ಹೂವಿನ ಬುಟ್ಟಿ ಮುಂದಿಟ್ಟುಕೊಂಡು ಕೂತ ಅಜ್ಜಿಯ ಬಗ್ಗೆ ಜನ ಬರೆದ ಅಸಂಖ್ಯ ವಾಕ್ಯಗಳಲ್ಲಿ ಅಜ್ಜಿ ಯಾರಿಗೋ ಕಾಯುತ್ತಲೇ ಇರುತ್ತಾಳೆ. ಮೊದಲ ದಾರಿಯಲ್ಲಿ, ಮಹಿಳೆ ಎಂದ ಮೇಲೆ, ವಾಕ್ಯ ಪತ್ರಿಕೆಯ ವರದಿಯ ಕಡೆ ವಾಲಿತು. ಒಂದು ಪದದ ಚೀಟಿಯಿಂದ ಇಡೀ ಪ್ಯಾರಾದ ಮುಖ ತಿರುಗುವುದು ಹೀಗೆ. ಮುಂಚೆಯೇ ಒಂದು ತಪ್ಪು ಪದ ಬಿದ್ದರೆ ಅದನ್ನು ಸಮರ್ಥಿಸುವ ವಿವರಗಳೂ ಒಂದರ ಹಿಂದೊಂದು ಬರುವುದು ಇದೇ ಕಾರಣಕ್ಕೆ.

ಕನ್ನಡದಲ್ಲಿ ಕೇಳಿದಾಗ ಈ ಚೀಟಿ ಎತ್ತುವ ಆಟ ಇನ್ನೂ ಹೆಚ್ಚು ಸಲ ನಡೆಯುತ್ತದೆ. ಕಂಪ್ಯೂಟರ್‌ಗಳು ಬಳಸುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು, ಕೊಂಬಿಗೂ ದೀರ್ಘಕ್ಕೂ ಪ್ರತ್ಯೇಕ. ಅದಕ್ಕಿಂತ ದೊಡ್ಡ ಕಾರಣ, ತುಣುಕುಗಳ ಪಟ್ಟಿಯನ್ನು ಹೆಚ್ಚಾಗಿ ಇಂಗ್ಲಿಷ್ ಪಠ್ಯ ನೋಡಿ ತಯಾರಿಸಿರುತ್ತಾರೆ. ಹೀಗಾಗಿ ಇಂಗ್ಲಿಷಿನಲ್ಲಿ ಒಂದೇ ತುಣುಕಾಗುವ ಪದ ಕನ್ನಡದಲ್ಲಿ ಹಲವು ಚೂರಾಗುವುದು ಸಾಮಾನ್ಯ. ಅದರ ಮೇಲೆ ನಮ್ಮ ವಾಕ್ಯಕ್ಕೆ ಇಂಥ ಪದ ಇಲ್ಲೇ ಕೂರಬೇಕೆಂಬ ಹಟ ಕಡಿಮೆ. "ಹಿಂದೆ ಒಂದು ಸ್ಕೂಟರ್ ನಿಂತಿದೆ" ಎಂದರೂ ಸರಿ, "ಸ್ಕೂಟರೊಂದು ಹಿಂದೆ ನಿಂತಿದೆ" ಎಂದರೂ ಸರಿ. ಕವಲೊಡೆಯಲು ಜಾಗ ಹೆಚ್ಚು.

ಎಲ್ಲ ಸಲವೂ ಹೆಚ್ಚು ಪಾಲಿನ ಪದವನ್ನೇ ತೆಗೆದುಕೊಂಡರೆ ಈ ರಗಳೆಯೇ ಇರುವುದಿಲ್ಲವಲ್ಲ? ಹಾಗೆ ಮಾಡಬಹುದು, ಮಾಡಿಯೂ ನೋಡಿದ್ದಾರೆ. 2019ರಲ್ಲಿ ಆರಿ ಹೋಲ್ಟ್ಸ್‌ಮನ್ ಮತ್ತು ಸಂಗಡಿಗರು, `top_p` ಸೆಟ್ಟಿಂಗಿನ ಹಿಂದಿರುವ ವಿಧಾನವನ್ನು ಮುಂದಿಟ್ಟ ಪ್ರಬಂಧದಲ್ಲೇ, ಸದಾ ಅತಿ ಸಂಭವದ ದಾರಿಯನ್ನೇ ಹಿಡಿದರೆ ಬರಹ ಸಪ್ಪೆಯಾಗುತ್ತದೆ, ಹೇಳಿದ್ದನ್ನೇ ಹೇಳುತ್ತ ಸುತ್ತತೊಡಗುತ್ತದೆ ಎಂದು ತೋರಿಸಿದರು. ಮನುಷ್ಯರು ಬರೆಯುವಾಗ ಪ್ರತಿ ಪದವೂ ನಿರೀಕ್ಷಿತವಾಗಿರುವುದಿಲ್ಲ. ಇನ್ನೊಂದು ಕಾರಣ ಇಂಥ ಮಾಡೆಲ್‌ಗಳ ಪಾಠದ ಪುಸ್ತಕದಲ್ಲೇ ಇದೆ. ಚಿತ್ರ ವಿವರಣೆ ಕಲಿಸಲು ಬಹುಕಾಲದಿಂದ ಬಳಕೆಯಲ್ಲಿರುವ ಕೋಕೋ ಎಂಬ ಫೋಟೊ ಸಂಗ್ರಹದಲ್ಲಿ ಒಂದೊಂದು ಫೋಟೊಗೂ ಬೇರೆ ಬೇರೆ ಜನ ಬರೆದ ಐದು ವಾಕ್ಯಗಳಿವೆ. ಒಬ್ಬರಿಗೆ ಬೀದಿ ಮುಖ್ಯ, ಒಬ್ಬರಿಗೆ ಬಣ್ಣ, ಒಬ್ಬರು ನಾಯಿಯನ್ನು ಗಮನಿಸಿಯೇ ಇಲ್ಲ. ಐದನ್ನೂ ಸರಿ ಎಂದು ಕಲಿತ ಮಾಡೆಲ್ ಒಂದನ್ನೇ ಹಿಡಿದು ಕೂರಬೇಕು ಎನ್ನುವುದು ನ್ಯಾಯವಲ್ಲ.

ಸಪ್ಪೆಯಾದರೂ ಪರವಾಗಿಲ್ಲ, ಒಂದೇ ಉತ್ತರ ಬೇಕು ಎನ್ನುವವರು `temperature` ಅನ್ನು 0 ಮಾಡುತ್ತಾರೆ. ಆಗ ಚೀಟಿ ಎತ್ತುವುದೇ ಇಲ್ಲ, ಮುಂದಿರುವ ಪದವೇ ಗೆದ್ದ ಹಾಗೆ. ಆದರೂ ಒಮ್ಮೊಮ್ಮೆ ಉತ್ತರ ಬದಲಾಗುತ್ತದೆ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಅತ್ಯಂತ ಸ್ವಾರಸ್ಯದ ಭಾಗ ಇದೇ. ಇದಕ್ಕೆ ಕಾರಣ ಕಂಪ್ಯೂಟರ್ ದಶಮಾಂಶ ಸಂಖ್ಯೆಗಳನ್ನು ಕೂಡುವ ಬಗೆ. ಪೈಥಾನ್ ಇರುವ ಯಾವ ಕಂಪ್ಯೂಟರಿನಲ್ಲಾದರೂ ಇದನ್ನು ಟೈಪ್ ಮಾಡಿ ನೋಡಿ:

```
>>> (0.1 + 0.2) + 0.3
0.6000000000000001
>>> 0.1 + (0.2 + 0.3)
0.6
```

ಅವೇ ಮೂರು ಸಂಖ್ಯೆ, ಕೂಡಿದ ಕ್ರಮ ಬೇರೆ, ಉತ್ತರ ಕೂದಲೆಳೆಯಷ್ಟು ಬೇರೆ. ಕಂಪ್ಯೂಟರ್ ಪ್ರತಿ ಹಂತದಲ್ಲೂ ತನ್ನಲ್ಲಿರುವ ಜಾಗಕ್ಕೆ ತಕ್ಕಂತೆ ಕೊನೆಯ ಅಂಕಿಯನ್ನು ಸರಿಹೊಂದಿಸುತ್ತದೆ, ಹಾಗಾಗಿ ಯಾವುದನ್ನು ಮೊದಲು ಕೂಡಿದೆ ಎಂಬುದು ಲೆಕ್ಕಕ್ಕೆ ಬರುತ್ತದೆ. ಮಾಡೆಲ್ ಒಂದು ತುಣುಕು ಬರೆಯುವಾಗ ಇಂಥ ಕೂಡುವಿಕೆ ಕೋಟಿಗಟ್ಟಲೆ ನಡೆಯುತ್ತದೆ, ಅದೂ ಹತ್ತಾರು ಕಡೆ ಏಕಕಾಲಕ್ಕೆ. ನಿಮ್ಮ ಪ್ರಶ್ನೆಯನ್ನು ಸರ್ವರ್ ಒಂಟಿಯಾಗಿ ಬಿಡಿಸುವುದಿಲ್ಲ, ಆ ಕ್ಷಣಕ್ಕೆ ಬಂದ ಇತರರ ಪ್ರಶ್ನೆಗಳ ಜೊತೆ ಒಂದು ಗುಂಪಾಗಿ ಬಿಡಿಸುತ್ತದೆ. ಗುಂಪು ದೊಡ್ಡದಾದರೆ ಕೂಡುವ ಕೆಲಸವನ್ನು ಒಂದು ರೀತಿ ಹಂಚುತ್ತದೆ, ಸಣ್ಣದಾದರೆ ಇನ್ನೊಂದು ರೀತಿ. ಕೊನೆಯ ಅಂಕಿ ಅತ್ತಿತ್ತ ಆಗುತ್ತದೆ. ಬಹುತೇಕ ಸಲ ಅದರಿಂದ ಏನೂ ವ್ಯತ್ಯಾಸವಿಲ್ಲ. ಮೊದಲ ಎರಡು ಪದಗಳ ಪಾಲು ಬಹುತೇಕ ಸಮವಾಗಿದ್ದಾಗ ಮಾತ್ರ ಆ ಕೂದಲೆಳೆಯಿಂದ ಗೆಲ್ಲುವವರು ಬದಲಾಗುತ್ತಾರೆ.

ಇದನ್ನು ಎಣಿಸಿ ತೋರಿಸಿದವರಿದ್ದಾರೆ. ಅಮೆರಿಕದ ಥಿಂಕಿಂಗ್ ಮಷೀನ್ಸ್ ಲ್ಯಾಬ್‌ನ ಹೊರೇಸ್ ಹೀ 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಲೇಖನದಲ್ಲಿ ಕ್ವೆನ್ 3 ಎಂಬ ದೊಡ್ಡ ಮಾಡೆಲ್‌ಗೆ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಬಗ್ಗೆ ಹೇಳು ಎಂಬ ಒಂದೇ ಪ್ರಶ್ನೆಯನ್ನು 1000 ಸಲ ಕೇಳಿದ ಪ್ರಯೋಗವಿದೆ. ಫೋಟೊ ಇಲ್ಲ, ಬರೀ ಪಠ್ಯ, `temperature` 0. ಬಂದ ಉತ್ತರಗಳಲ್ಲಿ ಒಂದಕ್ಕೊಂದು ಬೇರೆಯಾದವು 80. ಮೊದಲ 102 ಟೋಕನ್ ಸಾವಿರಕ್ಕೆ ಸಾವಿರವೂ ಒಂದೇ ಸಮ. 103ನೇ ಟೋಕನ್‌ನಲ್ಲಿ ದಾರಿ ಕವಲಾಯಿತು: 992 ಉತ್ತರಗಳು ಫೈನ್‌ಮನ್ ಹುಟ್ಟಿದ್ದು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಎಂದವು, 8 ನ್ಯೂಯಾರ್ಕ್ ಸಿಟಿಯಲ್ಲಿ ಎಂದವು. ಕ್ವೀನ್ಸ್ ಇರುವುದು ನ್ಯೂಯಾರ್ಕ್ ಸಿಟಿಯ ಒಳಗೇ, ಹಾಗಾಗಿ ಸುಳ್ಳು ಹೇಳಿದವರು ಯಾರೂ ಇಲ್ಲ. ಗುಂಪಿನ ಗಾತ್ರ ಎಷ್ಟಿದ್ದರೂ ಕೂಡುವ ಕ್ರಮ ಬದಲಾಗದಂತೆ ಲೆಕ್ಕದ ವಿಧಾನವನ್ನು ತಿದ್ದಿದಾಗ 1000 ಉತ್ತರಗಳೂ ಅಕ್ಷರಶಃ ಒಂದೇ ಆದವು. ಅದಕ್ಕೆ ತೆತ್ತ ಬೆಲೆ ವೇಗ. ನಮ್ಮ ನಿಮ್ಮ ಫೋನಿನಲ್ಲಿರುವ ಸೇವೆಗಳು ಸಾಮಾನ್ಯವಾಗಿ ವೇಗವನ್ನೇ ಆರಿಸಿಕೊಂಡಿರುವುದರಲ್ಲಿ ಆಶ್ಚರ್ಯವಿಲ್ಲ.

ಒಂದೇ ಫೋಟೊ ಎಂದು ನಾವು ಅಂದುಕೊಂಡದ್ದು ಒಂದೇ ಆಗಿರದ ಸಂದರ್ಭವೂ ಉಂಟು. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಾಗಿ ಕಳಿಸಿದ ಫೋಟೊ ಕುಗ್ಗಿ ಬರುತ್ತದೆ. ಅದನ್ನು ಇಳಿಸಿಕೊಂಡು ಕೊಟ್ಟರೆ ಮಾಡೆಲ್‌ಗೆ ಹೋಗುವುದು ಬೇರೆಯೇ ಪಿಕ್ಸೆಲ್‌ಗಳು. ನಮ್ಮ ಕಣ್ಣಿಗೆ ವ್ಯತ್ಯಾಸ ಕಾಣದು, 576 ಪಟ್ಟಿಗಳಲ್ಲಿ ಕಾಣುತ್ತದೆ. ಇನ್ನು ಅದೇ ಚಾಟ್‌ನಲ್ಲಿ ಕೆಳಗೆ "ಇನ್ನೊಮ್ಮೆ ಹೇಳು" ಎಂದರೆ ಅದು ಎರಡನೇ ನೋಟವಲ್ಲ. ಮಾಡೆಲ್ ತನ್ನ ಹಿಂದಿನ ಉತ್ತರವನ್ನೂ ಓದಿಕೊಂಡಿರುತ್ತದೆ, ಅದನ್ನೇ ಅನುಸರಿಸುತ್ತದೆ ಅಥವಾ ಬೇಕೆಂದೇ ಬೇರೆ ಮಾತಿನಲ್ಲಿ ಹೇಳುತ್ತದೆ. ಎರಡು ಸ್ವತಂತ್ರ ಉತ್ತರ ಬೇಕಿದ್ದರೆ ಹೊಸ ಚಾಟ್ ತೆರೆದು ಮೂಲ ಫೈಲನ್ನೇ ಮತ್ತೆ ಕೊಡಬೇಕು.

ಹಾಗೆ ಕೊಟ್ಟು ಪಡೆದ ಎರಡು ವಿವರಣೆಗಳನ್ನು ಪಕ್ಕಪಕ್ಕದಲ್ಲಿಟ್ಟು ಓದುವುದು ಪ್ರಯೋಜನಕ್ಕೆ ಬರುತ್ತದೆ. ನಮ್ಮ ಹೂವಿನ ಫೋಟೊಗೇ ಬನ್ನಿ. ರಸ್ತೆ ಬದಿಯಲ್ಲಿ ಕುಳಿತು ಮಾರುತ್ತಿದ್ದಾರೆ, ಬುಟ್ಟಿ ಮುಂದಿಟ್ಟುಕೊಂಡಿದ್ದಾರೆ ಎಂಬುದರಲ್ಲಿ ಬರೀ ಮಾತಿನ ವ್ಯತ್ಯಾಸ. ಸ್ಕೂಟರ್ ಎಂದದ್ದು, ವಾಹನ ಎಂದದ್ದು: ಒಂದು ಕಡೆ ವಿವರ ಹೆಚ್ಚು, ಒಂದು ಕಡೆ ಕಡಿಮೆ, ಜಗಳವಿಲ್ಲ. ಅರ್ಧ ಮಾತ್ರ ಕಾಣುವ ಗಾಡಿಗೆ ಎರಡನೇ ಉತ್ತರವೇ ಹೆಚ್ಚು ಪ್ರಾಮಾಣಿಕ ಅನಿಸುತ್ತದೆ. ಮಹಿಳೆ, ಅಜ್ಜಿ: ಇಲ್ಲಿ ಸ್ವಲ್ಪ ತಡೆಯಬೇಕು, ವಯಸ್ಸು ಊಹೆಯ ವಿಷಯ. ಆದರೆ ಮಲ್ಲಿಗೆ ಮತ್ತು ಕಾಕಡ ಎರಡೂ ಏಕಕಾಲಕ್ಕೆ ಸರಿಯಿರಲು ಸಾಧ್ಯವಿಲ್ಲ, ಬುಟ್ಟಿಯಲ್ಲಿ ಬಿಳಿ ಹೂವು ಇರುವುದು ಒಂದೇ ಬಗೆಯದು. ಕಟ್ಟಿ ಸುತ್ತಿಟ್ಟಾಗ, ಅದರಲ್ಲೂ ಮೊಗ್ಗಾಗಿದ್ದಾಗ, ಎರಡನ್ನೂ ದೂರದಿಂದ ಬೇರೆ ಮಾಡುವುದು ಕಷ್ಟ. ಮೊಳ ಎಷ್ಟು ಎಂದು ಕೇಳಲು ಬಗ್ಗಿದವರಿಗೆ ಪರಿಮಳ ಹೇಳಿಬಿಡುತ್ತದೆ, ಕಾಕಡಕ್ಕೆ ಮಲ್ಲಿಗೆಯ ಪರಿಮಳವಿಲ್ಲ. ಫೋಟೊಗೆ ಮೂಗಿಲ್ಲವಲ್ಲ. ಆ 14 ಪಿಕ್ಸೆಲ್ ಚೌಕಗಳಲ್ಲಿ ಬಿಳಿ ಹೂವು ಎಂಬಷ್ಟಕ್ಕೆ ಮಾತ್ರ ಆಧಾರವಿದೆ. ಮಾಡೆಲ್‌ಗೆ ಬಿಳಿ ಹೂವು ಎಂದು ಬರೆದು ಸುಮ್ಮನಾಗುವ ದಾರಿಯೂ ಇತ್ತು. ಅದರ ಬದಲು ಒಂದೊಂದು ಹೆಸರಿಗೆ ಒಂದಷ್ಟು ಪಾಲು ಹಂಚಿ ಒಂದು ಚೀಟಿ ಎತ್ತಿತು.

ಹಾಗೆಂದು ಐದು ಸಲ ಕೇಳಿ ಐದು ಸಲವೂ ಮಲ್ಲಿಗೆ ಎಂದರೆ ಅದು ಮಲ್ಲಿಗೆಯೇ ಎಂದು ತಿಳಿಯಬಾರದು. ಹೂ ಮಾರುವವರ ಫೋಟೊಗಳ ಜೊತೆ ಮಲ್ಲಿಗೆ ಎಂಬ ಪದವನ್ನೇ ಪದೇ ಪದೇ ಓದಿ ಕಲಿತಿದ್ದರೆ, ಬುಟ್ಟಿಯಲ್ಲಿ ಕಾಕಡವೇ ಇದ್ದರೂ ನೂರಕ್ಕೆ 95 ಚೀಟಿ ಮಲ್ಲಿಗೆಯದಾಗಿರುತ್ತದೆ. ಚಿತ್ರದಲ್ಲಿಲ್ಲದ ವಸ್ತುವನ್ನು ರೂಢಿಯ ಬಲದಿಂದ ಹೆಸರಿಸುವ ಈ ಚಾಳಿಯನ್ನು ಅಳೆಯಲೆಂದೇ ಅನ್ನಾ ರೋರ್ಬಾಕ್ ಮತ್ತು ಇತರರು 2018ರಲ್ಲಿ ಚೇರ್ ಎಂಬ ಅಳತೆಯನ್ನು ಮುಂದಿಟ್ಟರು: ವಿವರಣೆಯಲ್ಲಿ ಹೆಸರಿಸಿದ ವಸ್ತುಗಳಲ್ಲಿ ನಿಜವಾಗಿ ಫೋಟೊದಲ್ಲಿ ಇಲ್ಲದವು ಎಷ್ಟು ಪಾಲು ಎಂಬ ಲೆಕ್ಕ. ಉತ್ತರ ಬದಲಾಗುತ್ತಿದ್ದರೆ ಮಾಡೆಲ್‌ಗೆ ಅನುಮಾನವಿದೆ ಎನ್ನಬಹುದು. ಬದಲಾಗದಿದ್ದರೆ ಅನುಮಾನವಿಲ್ಲ ಎಂದಷ್ಟೇ ಗೊತ್ತಾಯಿತು.

ಹೂವಿನ ಹೆಸರು ತಪ್ಪಿದರೆ ನಷ್ಟವಿಲ್ಲ. ಆದರೆ ಇಂಥ ವಿವರಣೆಯನ್ನೇ ನಂಬಿ ದಿನ ನಡೆಸುವವರಿದ್ದಾರೆ. ಕಣ್ಣು ಕಾಣದವರು ಬಳಸುವ ಬಿ ಮೈ ಐಸ್ ಎಂಬ ಆ್ಯಪ್ 2023ರಿಂದ ಫೋಟೊ ನೋಡಿ ವಿವರಿಸುವ ಎಐ ಸೌಲಭ್ಯವನ್ನೂ ಕೊಡುತ್ತಿದೆ. ಮಾತ್ರೆಯ ಪಟ್ಟಿಯ ಫೋಟೊ ತೆಗೆದು ಅವಧಿ ಎಂದು ಮುಗಿಯುತ್ತದೆ ಎಂದು ಕೇಳುವುದು ಸಹಜ. ಒಂದು ಸಲ 08/2026 ಎಂದು, ಇನ್ನೊಂದು ಸಲ 03/2026 ಎಂದು ಬಂತು ಎನ್ನಿ. ಮೂರನೇ ಸಲ ಕೇಳಿ ಬಹುಮತದಿಂದ ತೀರ್ಮಾನಿಸೋಣ ಎನಿಸುತ್ತದೆ. ಅದರಿಂದ ಹೊಸದೇನೂ ತಿಳಿಯುವುದಿಲ್ಲ. ಫೋಟೊದ ಸಂಖ್ಯೆಗಳು ಆಗಲೇ ನಿಗದಿಯಾಗಿವೆ, ಮೂರನೆಯದೂ ಅದೇ ಮಡಕೆಯ ಚೀಟಿ.

ಲೆಕ್ಕ ಹಾಕಿದರೆ ಕಾರಣ ಸ್ಪಷ್ಟ. ಫೋನಿನ 4000 ಪಿಕ್ಸೆಲ್ ಅಗಲದ ಫೋಟೊ ಲಾವಾದಂಥ ಮಾಡೆಲ್‌ನಲ್ಲಿ 336ಕ್ಕೆ ಇಳಿಯುತ್ತದೆ, ಸುಮಾರು 12 ಪಾಲಿನಲ್ಲಿ ಒಂದು ಪಾಲು. ಫೋಟೊದಲ್ಲಿ 48 ಪಿಕ್ಸೆಲ್ ಎತ್ತರವಿದ್ದ ಅಂಕಿಗೆ ಉಳಿಯುವುದು 4 ಪಿಕ್ಸೆಲ್. ಅಷ್ಟರಲ್ಲಿ 3ನ್ನೂ 8ನ್ನೂ ಬೇರೆ ಮಾಡುವ ಎಡಭಾಗದ ಎರಡು ಸಣ್ಣ ಗೆರೆಗಳು ಉಳಿಯುವುದು ಅನುಮಾನ. ಈಚಿನ ಮಾಡೆಲ್‌ಗಳು ದೊಡ್ಡ ಫೋಟೊವನ್ನು ಹಲವು ಭಾಗಗಳಾಗಿ ನೋಡುತ್ತವೆ, ಮಿತಿ ದೂರ ಸರಿದಿದೆ, ಇಲ್ಲವಾಗಿಲ್ಲ. ಇದರ ಬದಲು ತಾರೀಖು ಒತ್ತಿರುವ ಮೂಲೆಯನ್ನಷ್ಟೇ 800 ಪಿಕ್ಸೆಲ್ ಅಗಲಕ್ಕೆ ಕತ್ತರಿಸಿ ಕೊಟ್ಟರೆ ಅದೇ ಅಂಕಿ 20 ಪಿಕ್ಸೆಲ್ ಎತ್ತರ ಉಳಿಸಿಕೊಳ್ಳುತ್ತದೆ. ಬೆಳಕಿನ ಪ್ರತಿಫಲನ ಬೀಳದಂತೆ ಪಟ್ಟಿಯನ್ನು ಓರೆ ಮಾಡಿ, ಹತ್ತಿರದಿಂದ ಹೊಸ ಫೋಟೊ ತೆಗೆದರೆ ಇನ್ನೂ ಒಳ್ಳೆಯದು. ಆಗ ಮಡಕೆಯೇ ಬದಲಾಗುತ್ತದೆ. ಆಮೇಲೂ ಎರಡು ಸಲಕ್ಕೆ ಬೇರೆ ಬೇರೆ ತಿಂಗಳು ಬಂದರೆ, ಕಣ್ಣಿರುವ ಸ್ವಯಂಸೇವಕರಿಗೆ ವಿಡಿಯೊ ಕರೆ ಮಾಡುವ ಹಳೆಯ ಸೌಲಭ್ಯ ಅದೇ ಆ್ಯಪ್‌ನಲ್ಲಿದೆ. ಔಷಧದ ತಾರೀಖಿನ ವಿಷಯಕ್ಕೆ ಅದನ್ನೇ ಮೊದಲು ಬಳಸಿ ಎಂದೇ ನಾನು ಹೇಳುವುದು.